ಜಾಹೀರಾತು ನೋಡಿಕೊಳ್ಳೋರಿಗೆ ಹೇಗೆ ಕೊಡೋದು: ತಿಂಗಳ ಫೀಸಾ, ಪರ್ಸೆಂಟಾ, ಬುಕಿಂಗ್ ಲೆಕ್ಕಾನಾ?

ಮೇ ತಿಂಗಳ ಒಂದು ಶನಿವಾರ ತೀರ್ಥಹಳ್ಳಿ ಹತ್ತಿರದ ಒಂದು ಹೋಂಸ್ಟೇ ಜಗಲಿಯಲ್ಲಿ ಕೂತಿದ್ದೆ. ಆರು ರೂಮು, ಆರೂ ಭರ್ತಿ. ಮಾಲೀಕರು ಫೋನ್ ಎತ್ತುತ್ತಾರೆ, "ಇಲ್ಲ ಸಾರ್, ಈ ವಾರ ಫುಲ್ಲು" ಅಂತಾರೆ, ಇಡುತ್ತಾರೆ. ಎಲೆಗೆ ಸುಣ್ಣ ಹಚ್ಚೋಷ್ಟರಲ್ಲಿ ಮತ್ತೆ ರಿಂಗು. ಅರ್ಧ ಗಂಟೆಯಲ್ಲಿ ಏಳು ಕಾಲ್ ಬಂತು. ಕೊನೆಗೆ ಫೋನ್ ಪಕ್ಕಕ್ಕಿಟ್ಟು ಕೇಳಿದರು, "ಅಲ್ಲ ಮಾರಾಯ್ರೆ, ಇಲ್ಲ ಅಂತ ಹೇಳೋದಕ್ಕೇ ನಾನು ದುಡ್ಡು ಕೊಡ್ತಾ ಇದ್ದೀನಲ್ಲ?"

ಹೌದು, ಅದಕ್ಕೇ ಕೊಡುತ್ತಿದ್ದರು. ಆಗ ಅವರ ಗೂಗಲ್ ಮತ್ತು ಇನ್‌ಸ್ಟಾಗ್ರಾಮ್ ಜಾಹೀರಾತನ್ನು ಬೇರೆ ಏಜೆನ್ಸಿಯವರು ನೋಡಿಕೊಳ್ಳುತ್ತಿದ್ದರು. ಫೀಸು ಖರ್ಚಿನ 20%. ರೂಮು ತುಂಬಿದ ವಾರಾಂತ್ಯದಲ್ಲೂ ಜಾಹೀರಾತು ಓಡುತ್ತಲೇ ಇತ್ತು. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಅವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ನಿಲ್ಲಿಸಿ ಅಂದರೆ ಅವರ ಬಿಲ್ಲೇ ಕಮ್ಮಿಯಾಗುವ ಹಾಗೆ ಒಪ್ಪಂದ ಇತ್ತು, ಅಷ್ಟೇ.

ನಾನು ಶಿವಮೊಗ್ಗದಲ್ಲಿ ಮೂರು ಜನರ ಸಣ್ಣ ಏಜೆನ್ಸಿ ನಡೆಸುತ್ತೇನೆ. ಕೆಲಸ ಕೊಡೋರು ನಮ್ಮನ್ನು ಮೊದಲು ಕೇಳೋದು "ಎಷ್ಟು ತಗೋತೀರಿ" ಅಂತ. ಎಷ್ಟು ಅನ್ನೋದಕ್ಕಿಂತ ಹೇಗೆ ತಗೋತೀರಿ ಅನ್ನೋದು ಮುಖ್ಯ. ಒಂದೊಂದು ರೀತಿಯ ಫೀಸಿನಲ್ಲೂ ಏಜೆನ್ಸಿಯವರ ಬಾಯಲ್ಲಿ ಒಂದೊಂದು ಮಾತು ಸಿಕ್ಕಿಕೊಳ್ಳುತ್ತದೆ. ಆ ಮಾತು ಯಾವುದು ಅಂತ ತಿಳಿದುಕೊಂಡರೆ ನಿಮಗೆ ಯಾವುದು ಸರಿ ಅಂತ ಗೊತ್ತಾಗುತ್ತದೆ. ಇದೇ ಹೋಂಸ್ಟೇಯ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ದುಂಡು ಮಾಡಿದ್ದೇನೆ.

ಮೊದಲು ಆ ಮನೆಯ ಲೆಕ್ಕ

ಒಂದು ಬುಕಿಂಗ್ ಅಂದರೆ ಸಾಮಾನ್ಯವಾಗಿ ನಾಲ್ಕು ಜನ, ಒಂದು ರಾತ್ರಿ, ಊಟ ತಿಂಡಿ ಸೇರಿ ಸುಮಾರು 9,000 ರೂಪಾಯಿ. ಅಕ್ಕಿ, ಕೋಳಿ, ಗ್ಯಾಸು, ಅಡುಗೆಯವರ ಸಂಬಳ, ಬಟ್ಟೆ ಒಗೆಯೋದು ಎಲ್ಲ ಕಳೆದರೆ ಕೈಯಲ್ಲಿ ಉಳಿಯೋದು 4,000. ಈ 4,000 ನೆನಪಿರಲಿ. ಒಂದು ಬುಕಿಂಗ್ ತರೋಕೆ ಇದಕ್ಕಿಂತ ಜಾಸ್ತಿ ಖರ್ಚಾದರೆ ಅತಿಥಿ ಬಂದರೂ ನಷ್ಟವೇ.

ವರ್ಷದ ಜಾಹೀರಾತು ಖರ್ಚು 3,60,000. ಆದರೆ ತಿಂಗಳಿಗೆ ಸಮ 30,000 ಅಲ್ಲ. ಪರೀಕ್ಷೆ ಸಮಯದ ಮಾರ್ಚ್‌ನಲ್ಲಿ ಬರೀ 10,000, ಫೆಬ್ರವರಿಯಲ್ಲಿ 15,000. ರಜೆಯ ಏಪ್ರಿಲ್‌ಗೆ 40,000, ಮೇಗೆ 50,000. ಮಳೆ ಹಿಡಿದ ಜೂನ್‌ನಲ್ಲಿ 20,000ಕ್ಕೆ ಇಳಿದು, ಜೋಗ ನೋಡೋಕೆ ಜನ ಬರುವ ಜುಲೈ, ಆಗಸ್ಟ್‌ನಲ್ಲಿ 25,000, 30,000. ದಸರೆಯ ಅಕ್ಟೋಬರ್‌ಗೆ 45,000, ಡಿಸೆಂಬರ್‌ಗೆ ಮತ್ತೆ 50,000. ಉಳಿದ ಮೂರು ತಿಂಗಳು 25,000ದ ಹಾಗೆ. ಮಲೆನಾಡಿನ ವ್ಯಾಪಾರವೇ ಹೀಗೆ ಏರಿಳಿಯೋದು. ಫೀಸಿನ ಮಾತು ಆಡುವಾಗ ಈ ಏರಿಳಿತವನ್ನು ಮರೆಯಬಾರದು.

ಇನ್ನೊಂದು ವಿಷಯ. ಗೂಗಲ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಎರಡೂ ಈ ಖರ್ಚಿನ ಮೇಲೆ 18% ಜಿಎಸ್‌ಟಿ ಹಾಕುತ್ತವೆ. ದಿನಕ್ಕೆ 7,500 ರೂಪಾಯಿ ಒಳಗಿನ ರೂಮುಗಳಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ 5%ಗೆ ಇಳಿಯಿತು, ಆದರೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಅಂದರೆ ಜಾಹೀರಾತಿಗೆ ಕಟ್ಟಿದ ಆ 18% ವಾಪಸ್ ಬರಲ್ಲ, ಅದೂ ಖರ್ಚೇ. ವರ್ಷಕ್ಕೆ 64,800 ರೂಪಾಯಿ. ರಿಪೋರ್ಟ್‌ಗಳಲ್ಲಿ ಇದನ್ನು ಸೇರಿಸಿರೋದನ್ನು ನಾನು ನೋಡಿರೋದು ಕಮ್ಮಿ.

ಪರ್ಸೆಂಟು

ಖರ್ಚಿನ ಮೇಲೆ ಪರ್ಸೆಂಟು ಅನ್ನೋದು ಹಳೇ ಪದ್ಧತಿ. ಪತ್ರಿಕೆಗಳು ಮಾನ್ಯತೆ ಇರುವ ಏಜೆನ್ಸಿಗಳಿಗೆ 15% ಕಮಿಷನ್ ಕೊಡುತ್ತಿದ್ದವು, ಅದೇ ಲೆಕ್ಕ ಮುಂದೆ ಇಲ್ಲಿಗೂ ಬಂತು. ಆದರೆ ಅಲ್ಲಿ ಕಮಿಷನ್ ಕೊಡುತ್ತಿದ್ದದ್ದು ಪತ್ರಿಕೆಯವರು. ಇಲ್ಲಿ ಜಾಹೀರಾತಿನ ದುಡ್ಡಿನ ಮೇಲೆ ಕ್ಲೈಂಟೇ ಕೊಡಬೇಕು.

ನಮ್ಮ ಕಡೆಯವರಿಗೆ ಪರ್ಸೆಂಟು ಅಂದ ತಕ್ಷಣ ಅಡಿಕೆ ಮಂಡಿ ನೆನಪಾಗುತ್ತದೆ. ಹಾಗಾಗಿ ಬೇಗ ಒಪ್ಪಿಬಿಡುತ್ತಾರೆ. ಸ್ವಲ್ಪ ನಿಲ್ಲಿ. ಮಂಡಿಯಲ್ಲಿ ಕಮಿಷನ್ ಬೀಳೋದು ಅಡಿಕೆ ಮಾರಿದ ದುಡ್ಡಿನ ಮೇಲೆ. ಇಲ್ಲಿ ಬೀಳೋದು ತೋಟಕ್ಕೆ ಹಾಕಿದ ಗೊಬ್ಬರದ ದುಡ್ಡಿನ ಮೇಲೆ. ಫಸಲು ಬಂತೋ ಬಿಡ್ತೋ, ಗೊಬ್ಬರ ಜಾಸ್ತಿ ಹಾಕಿದಷ್ಟೂ ಅವರಿಗೆ ಜಾಸ್ತಿ.

ಈ ಹೋಂಸ್ಟೇಯಲ್ಲಿ ಏನಾಯ್ತು ನೋಡಿ. ಏಪ್ರಿಲ್‌ನಲ್ಲಿ 40,000 ಹಾಕಿದಾಗ ಜಾಹೀರಾತಿನಿಂದ 26 ಬುಕಿಂಗ್. ಮೇ ತಿಂಗಳು 50,000 ಹಾಕಿದರು, 28 ಬುಕಿಂಗ್. ರಿಪೋರ್ಟ್‌ನಲ್ಲಿ "ಬುಕಿಂಗ್ ಹೆಚ್ಚಾಗಿದೆ" ಅಂತ ಹಸಿರು ಬಾಣ ಹಾಕಿ ಕಳಿಸಿದ್ದರು. ಸರಾಸರಿ ನೋಡಿದರೆ ಚೆನ್ನಾಗೇ ಕಾಣುತ್ತದೆ. ಆದರೆ ಜಾಸ್ತಿ ಹಾಕಿದ ಆ 10,000 ತಂದದ್ದು ಎರಡೇ ಬುಕಿಂಗ್. ಜಿಎಸ್‌ಟಿ ಸೇರಿ 11,800, ಅಂದರೆ ಒಂದೊಂದಕ್ಕೆ 5,900. ಉಳಿಯೋದು 4,000 ಮಾತ್ರ. ಮಾಲೀಕರಿಗೆ ಆ ಎರಡು ಬುಕಿಂಗ್‌ನಲ್ಲಿ 3,800 ನಷ್ಟ, ಏಜೆನ್ಸಿಗೆ 2,000 ಜಾಸ್ತಿ ಫೀಸು. ರೂಮು ಇರೋದೇ ಆರು, ಶನಿವಾರ ಹೇಗೂ ತುಂಬಿರುತ್ತದೆ. ಬಜೆಟ್ ಹೆಚ್ಚಿಸಿದರೆ ಏಳನೇ ರೂಮು ಹುಟ್ಟೋದಿಲ್ಲ ಅಲ್ವಾ.

ಹಾಗಾಗಿ ಪರ್ಸೆಂಟಿನಲ್ಲಿ ಸಿಕ್ಕಿಕೊಳ್ಳುವ ಮಾತು "ಈ ವಾರ ಖರ್ಚು ಮಾಡಬೇಡಿ" ಅನ್ನೋದು. ಇದನ್ನು ಪತ್ತೆ ಮಾಡೋದು ಕಷ್ಟ ಅಲ್ಲ. ಬಜೆಟ್ ಹೆಚ್ಚಿಸಿದ ತಿಂಗಳಲ್ಲಿ ಹೆಚ್ಚಿಸಿದ ದುಡ್ಡಿಗೆ ಮಾತ್ರ ಎಷ್ಟು ಬಂತು ಅಂತ ಕೇಳಿ, ಒಟ್ಟು ಸರಾಸರಿ ಕೇಳಬೇಡಿ. ಹೋದ ವರ್ಷದಲ್ಲಿ ಒಮ್ಮೆಯಾದರೂ ಅವರಾಗಿಯೇ ಬಜೆಟ್ ಇಳಿಸಿ ಅಂದಿದ್ದಾರಾ ಅಂತಲೂ ನೆನಪು ಮಾಡಿಕೊಳ್ಳಿ.

ಏಜೆನ್ಸಿ ಕಡೆಯಿಂದಲೂ ಪರ್ಸೆಂಟು ಯಾವಾಗಲೂ ಲಾಭ ಅಲ್ಲ. 20% ಅಂದರೆ ವರ್ಷಕ್ಕೆ 72,000 ಆಯಿತು. ಆದರೆ ಮಾರ್ಚ್‌ನಲ್ಲಿ ಸಿಗೋದು ಬರೀ 2,000. ನಿಜವಾದ ಕೆಲಸ ಇರೋದೇ ಆ ತಿಂಗಳು. ಹೊಸ ಫೋಟೋ ತೆಗೆಸಬೇಕು, ವೆಬ್‌ಸೈಟ್ ಪುಟ ಸರಿ ಮಾಡಬೇಕು, ಬೇಡದ ಹುಡುಕಾಟಗಳನ್ನು ತೆಗೆದು ಹಾಕಬೇಕು. ನಮಗೆ ಒಮ್ಮೆ "ಹೋಂಸ್ಟೇ ಲೈಸೆನ್ಸ್ ಹೇಗೆ ಮಾಡಿಸೋದು" ಅಂತ ಹುಡುಕಿದವರ ಕ್ಲಿಕ್ಕಿಗೆಲ್ಲ ದುಡ್ಡು ಹೋಗಿದ್ದು ಗೊತ್ತಾಗಿತ್ತು. ಮಾರ್ಚ್‌ನಲ್ಲಿ ಕೂತು ಇದನ್ನೆಲ್ಲ ಮಾಡಿದರೆ ಮೇ ಚೆನ್ನಾಗಿರುತ್ತದೆ, ಆದರೆ 2,000ಕ್ಕೆ ಯಾರು ಕೂರುತ್ತಾರೆ? ಅದಕ್ಕೇ ಏಜೆನ್ಸಿಗಳು "20%, ಆದರೆ ತಿಂಗಳಿಗೆ ಕನಿಷ್ಠ 5,000" ಅಂತ ಹಾಕುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಫೆಬ್ರವರಿ, ಮಾರ್ಚ್, ಜೂನ್‌ನಲ್ಲಿ ಸ್ವಲ್ಪ ಸೇರಿ ವರ್ಷಕ್ಕೆ 78,000 ಆಗುತ್ತದೆ. ಇದು ನ್ಯಾಯವಾದ ಷರತ್ತೇ, ಇದಕ್ಕೆ ಜಗಳ ಆಡಬೇಡಿ.

ಜಗಳ ಆಡೋದಾದರೆ ಯಾವುದರ ಪರ್ಸೆಂಟು ಅನ್ನೋದಕ್ಕೆ ಆಡಿ. ಗೊತ್ತು ಮಾಡಿದ ಬಜೆಟ್ಟಿನದಾ, ನಿಜವಾಗಿ ಖರ್ಚಾದದ್ದರದಾ, ಜಿಎಸ್‌ಟಿ ಸೇರಿಯಾ ಬಿಟ್ಟಾ? ಒಪ್ಪಂದದಲ್ಲಿ ಬರೆಸಿಕೊಳ್ಳಿ. ಆಡ್ ಅಕೌಂಟ್ ನಿಮ್ಮ ಹೆಸರಲ್ಲೇ ಇರಲಿ, ಕಾರ್ಡೂ ನಿಮ್ಮದೇ ಇರಲಿ, ಏಜೆನ್ಸಿಗೆ ಮ್ಯಾನೇಜರ್ ಆಕ್ಸೆಸ್ ಕೊಟ್ಟರೆ ಸಾಕು. ಅವರ ಕಾರ್ಡಿನಲ್ಲಿ ಕಟ್ಟಿ ನಿಮಗೆ ಒಟ್ಟು ಬಿಲ್ ಕೊಟ್ಟರೆ ಗೂಗಲ್‌ಗೆ ಎಷ್ಟು ಹೋಯಿತು ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ.

ತಿಂಗಳ ಫೀಸು

ಇದರ ಬಗ್ಗೆ ಹೇಳೋದು ಕಮ್ಮಿ, ಯಾಕಂದರೆ ಇದು ಸರಳ. ತಿಂಗಳಿಗೆ 8,000 ಅಂದರೆ ವರ್ಷಕ್ಕೆ 96,000. ಮಾರ್ಚ್‌ಗೂ ಅಷ್ಟೇ, ಮೇಗೂ ಅಷ್ಟೇ. ಜಾಹೀರಾತು ನಿಲ್ಲಿಸಿ ಅಂದರೆ ಏಜೆನ್ಸಿಗೆ ಒಂದು ರೂಪಾಯಿಯೂ ಕಮ್ಮಿಯಾಗಲ್ಲ, ಹಾಗಾಗಿ ಧೈರ್ಯವಾಗಿ ಹೇಳುತ್ತಾರೆ.

ಇಲ್ಲಿ ಸಿಕ್ಕಿಕೊಳ್ಳುವ ಮಾತು ಬೇರೆ. "ಈ ತಿಂಗಳು ನಾವು ಏನೂ ಮಾಡಿಲ್ಲ" ಅಂತ ಯಾರೂ ಹೇಳಲ್ಲ. ಮೊದಲ ಮೂರು ತಿಂಗಳು ಮೈಮುರಿದು ಮಾಡುತ್ತಾರೆ, ಆಮೇಲೆ ಅಕೌಂಟ್ ತಾನಾಗಿ ಓಡುತ್ತಿರುತ್ತದೆ, ತಿಂಗಳ ಕೊನೆಗೆ ರಿಪೋರ್ಟ್ ಮಾತ್ರ ಬರುತ್ತದೆ. ನೋಡೋದು ಹೇಗೆ? ಗೂಗಲ್ ಆಡ್ಸ್‌ನಲ್ಲಿ ಚೇಂಜ್ ಹಿಸ್ಟರಿ ಅಂತ ಒಂದು ಪುಟ ಇದೆ. ಯಾರು, ಯಾವತ್ತು, ಏನು ಬದಲಾಯಿಸಿದರು ಅಂತ ಅಲ್ಲಿ ಸಾಲಾಗಿ ಇರುತ್ತದೆ. ತಾನಾಗಿ ಆದ ಬದಲಾವಣೆಗಳೂ ಅಲ್ಲೇ ಬರುತ್ತವೆ, ಹಾಗಾಗಿ ಸಾಲು ಎಷ್ಟಿವೆ ಅಂತ ಎಣಿಸಬೇಡಿ, ಮನುಷ್ಯರ ಹೆಸರು ಎಲ್ಲಿದೆ ಅಂತ ನೋಡಿ. ಆರು ವಾರ ಯಾರ ಹೆಸರೂ ಇಲ್ಲ ಅಂದರೆ ಫೋನ್ ಮಾಡಿ ಕೇಳಿ. ಕೆಲವೊಮ್ಮೆ ಮುಟ್ಟದೇ ಬಿಡೋದೇ ಸರಿಯಾಗಿರುತ್ತದೆ, ಆದರೆ ಯಾಕೆ ಮುಟ್ಟಲಿಲ್ಲ ಅಂತ ಅವರಿಗೆ ಹೇಳೋಕೆ ಬರಬೇಕು.

ಏಜೆನ್ಸಿಗೆ ಇದರಲ್ಲಿ ಬರುವ ಪೆಟ್ಟು ಗೊತ್ತಿರೋದೇ. "ಹೇಗೂ ದುಡ್ಡು ಕೊಡ್ತೀವಲ್ಲ, ಗೌರಿ ಹಬ್ಬಕ್ಕೊಂದು ಪೋಸ್ಟರ್ ಮಾಡ್ಕೊಡಿ, ಒಂದು ರೀಲ್ಸ್ ಮಾಡ್ಕೊಡಿ" ಅಂತ ಶುರುವಾಗಿ ಅಕ್ಕನ ಮಗನ ಮದುವೆ ಕಾಗದದವರೆಗೂ ಹೋಗುತ್ತದೆ. ನಾವು ಗಂಟೆಗೆ 500 ಅಂತ ಲೆಕ್ಕ ಹಾಕಿದರೆ 8,000ಕ್ಕೆ 16 ಗಂಟೆ. ಆ 16 ಗಂಟೆಯಲ್ಲಿ ಏನೇನು ಬರುತ್ತೆ, ಏನು ಬರಲ್ಲ ಅಂತ ಮೊದಲೇ ಬರೆದಿಟ್ಟರೆ ಸಂಬಂಧ ಕೆಡಲ್ಲ.

ಬುಕಿಂಗ್‌ಗೆ ಇಷ್ಟು ಅನ್ನೋದು

ಎಲ್ಲರಿಗೂ ಇಷ್ಟ ಆಗೋದು ಇದೇ. "ಬುಕಿಂಗ್ ಬಂದರೆ ಕೊಡ್ತೀನಿ, ಇಲ್ಲದಿದ್ದರೆ ಇಲ್ಲ." ಅಡಿಕೆ ಸುಲಿಯೋರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟ ಹಾಗೆ. ಅಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಯಾಕಂದರೆ ತಕ್ಕಡಿ ಇಬ್ಬರ ಕಣ್ಣ ಮುಂದೆಯೇ ಇರುತ್ತದೆ. ಇಲ್ಲಿ ತಕ್ಕಡಿ ಯಾವುದು ಅಂತಲೇ ಮೊದಲ ಜಗಳ.

ಬುಕಿಂಗ್‌ಗೆ 400 ಅಂತ ಇಟ್ಟುಕೊಳ್ಳೋಣ. ರಿಪೋರ್ಟ್ ಪ್ರಕಾರ ವರ್ಷಕ್ಕೆ 240 ಬುಕಿಂಗ್, ಫೀಸು 96,000. ತಿಂಗಳ ಫೀಸಿನಷ್ಟೇ ಆಯಿತು. ಒಂದು ಬುಕಿಂಗ್‌ಗೆ ಜಾಹೀರಾತು ಖರ್ಚು 1,500. ಚೆನ್ನಾಗಿದೆ ಅಲ್ವಾ? ನಾವು ಅಕೌಂಟ್ ತೆಗೆದು ನೋಡಿದಾಗ ಆ 240ರಲ್ಲಿ 70 ಜನ ಗೂಗಲ್‌ನಲ್ಲಿ ಟೈಪ್ ಮಾಡಿದ್ದು ಆ ಹೋಂಸ್ಟೇಯ ಹೆಸರನ್ನೇ. ಹಿಂದೆ ಬಂದು ಹೋದವರು, ಅವರ ಸ್ನೇಹಿತರು, ಯಾರೋ ಕಳಿಸಿದ ಫೋಟೋ ನೋಡಿದವರು. ಇವರು ಜಾಹೀರಾತು ಇಲ್ಲದಿದ್ದರೂ ಅದರ ಕೆಳಗಿನ ಮಾಮೂಲಿ ಲಿಂಕ್ ಒತ್ತಿ ಬರುತ್ತಿದ್ದರು. ಹೆಸರಿನ ಜಾಹೀರಾತಿಗೆ ಹೋದ ಖರ್ಚು 20,000 ಮಾತ್ರ, ಕ್ಲಿಕ್ ಅಗ್ಗ. ಅದಕ್ಕೇ ಒಟ್ಟು ಸರಾಸರಿ ಅಷ್ಟು ಸುಂದರವಾಗಿ ಕಂಡಿದ್ದು.

ಹೆಸರಿನವರನ್ನು ತೆಗೆದು ಲೆಕ್ಕ ಹಾಕಿ. 3,40,000 ಖರ್ಚು, 170 ಬುಕಿಂಗ್. ಒಂದಕ್ಕೆ 2,000. ಜಿಎಸ್‌ಟಿ ಸೇರಿ 2,360. ಅದರ ಮೇಲೆ ಫೀಸು 400 ಸೇರಿದರೆ 2,760. ಮಾಲೀಕರ 4,000ದಲ್ಲಿ ಉಳಿಯೋದು 1,240. ಇನ್ನೂ ಲಾಭವೇ, ಆದರೆ ರಿಪೋರ್ಟ್ ಹೇಳಿದ 2,100 ಅಲ್ಲ. ಹೇಗೂ ಬರುತ್ತಿದ್ದ ಆ 70 ಜನರ ಮೇಲೆ 28,000 ಫೀಸೂ ಕೊಟ್ಟಂತಾಯಿತು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಸಾಧಾರಣ ತಿಂಗಳಲ್ಲಿ ಎರಡು ವಾರ ಹೆಸರಿನ ಜಾಹೀರಾತನ್ನು ಮಾತ್ರ ನಿಲ್ಲಿಸಿ. ಹೆಸರು ಹುಡುಕಿ ಬಂದ ಒಟ್ಟು ಬುಕಿಂಗ್ ಇಳಿಯಿತಾ ನೋಡಿ. ಇಳಿಯದಿದ್ದರೆ ಉತ್ತರ ಸಿಕ್ಕಿತು. ಇಳಿದರೆ ಯಾರೋ ಬೇರೆಯವರು ನಿಮ್ಮ ಹೆಸರಿನ ಮೇಲೆ ಜಾಹೀರಾತು ಹಾಕಿರಬಹುದು, ಆಗ ಅದಕ್ಕೆ ಸ್ವಲ್ಪ ದುಡ್ಡು ಇಡೋದು ಸರಿ. ಪರ್ಫಾರ್ಮೆನ್ಸ್ ಮ್ಯಾಕ್ಸ್ ಅನ್ನೋ ಗೂಗಲ್ ಕ್ಯಾಂಪೇನ್ ಓಡುತ್ತಿದ್ದರೆ ಅದರಲ್ಲೂ ನಿಮ್ಮ ಹೆಸರನ್ನು ಹೊರಗಿಡಲು ಹೇಳಿ. ಇಲ್ಲದಿದ್ದರೆ ಹೆಸರಿನ ಹುಡುಕಾಟ ಸದ್ದಿಲ್ಲದೆ ಅದರ ಖಾತೆಗೆ ಸೇರುತ್ತದೆ.

ಮೆಟಾ ಕಡೆ ಇನ್ನೊಂದು ಇದೆ. ಜಾಹೀರಾತು ಒತ್ತಿ ಏಳು ದಿನದೊಳಗೆ, ಇಲ್ಲವೇ ಬರೀ ನೋಡಿ ಒಂದು ದಿನದೊಳಗೆ ಬುಕ್ ಮಾಡಿದರೆ ಅದು ತನ್ನದು ಅಂತ ಮೆಟಾ ಸಾಮಾನ್ಯವಾಗಿ ಎಣಿಸುತ್ತದೆ. ಅದೇ ಅತಿಥಿ ಆಮೇಲೆ ಗೂಗಲ್‌ನಲ್ಲೂ ಒತ್ತಿದ್ದರೆ ಗೂಗಲ್ ಕೂಡ ನನ್ನದು ಅನ್ನುತ್ತದೆ. ಎರಡೂ ಕೂಡಿಸಿದರೆ ಇರುವ ರೂಮಿಗಿಂತ ಬುಕಿಂಗೇ ಜಾಸ್ತಿ ಆಗಿಬಿಡಬಹುದು.

ಹಾಗಾಗಿ ನಾವು ತಕ್ಕಡಿ ಮಾಡಿಕೊಂಡದ್ದು ಹೋಂಸ್ಟೇಯ ರಿಜಿಸ್ಟರನ್ನು. ಮೇಜಿನ ಮೇಲೆ ಒಂದು ಉದ್ದ ಪುಸ್ತಕ ಇದೆ, ಹೆಸರು, ಊರು, ಆಧಾರ್, ಗಾಡಿ ನಂಬರ್. ಅದರ ಕೊನೆಯಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು "ಹೇಗೆ ಗೊತ್ತಾಯ್ತು" ಅಂತ ಇನ್ನೊಂದು ಕಾಲಂ ಮಾಡಿದೆವು. ಕಾಫಿ ಕೊಡುವಾಗ ಮಾಲೀಕರ ಹೆಂಡತಿ ಕೇಳಿ ಬರೆಯುತ್ತಾರೆ. ಜನ ಸರಿಯಾಗಿ ನೆನಪಿಟ್ಟುಕೊಂಡಿರಲ್ಲ ನಿಜ, "ಇನ್‌ಸ್ಟಾದಲ್ಲಿ ನೋಡಿದ್ವಿ, ಆಮೇಲೆ ಗೂಗಲ್ ಮಾಡಿದ್ವಿ" ಅಂತಾರೆ. ಆದರೂ ತಿಂಗಳ ಕೊನೆಗೆ ಬುಕಿಂಗ್ ಬಂದ ವಾಟ್ಸ್‌ಆಪ್ ನಂಬರ್‌ಗಳ ಜೊತೆ ಹೊಂದಿಸಿ ನೋಡಿದರೆ ಇಬ್ಬರೂ ಒಪ್ಪುವ ಸಂಖ್ಯೆ ಸಿಗುತ್ತದೆ. ಮನೆಗೆ ಬಂದು ಉಳಿದವರನ್ನು ಮಾತ್ರ ಎಣಿಸುತ್ತೇವೆ. ಆಗುಂಬೆ ಕಡೆ ಮಳೆ ಜೋರಾಗಿ ಕ್ಯಾನ್ಸಲ್ ಆದರೆ ಅದು ಲೆಕ್ಕಕ್ಕಿಲ್ಲ.

ಈಗ ಏಜೆನ್ಸಿ ಕಡೆಯ ಕಷ್ಟ. ಬುಕಿಂಗ್ ಆಗೋದು ಜಾಹೀರಾತಿನಿಂದ ಮಾತ್ರ ಅಲ್ಲ. ಮಲೆನಾಡಿನಲ್ಲಿ ಗಾಳಿ ಮಳೆಗೆ ಕರೆಂಟ್ ಹೋದರೆ ಟವರ್ ಹೋಯಿತು, ಟವರ್ ಹೋದರೆ ಫೋನ್ ಹೋಯಿತು. ಜುಲೈನ ಒಂದು ವಾರ ಜಾಹೀರಾತಿನಿಂದ ಬಂದ ಕಾಲ್‌ಗಳಲ್ಲಿ ಅರ್ಧಕ್ಕರ್ಧ ಮಿಸ್ಡ್ ಕಾಲ್ ಆಗಿತ್ತು. ನಾವು ತಂದು ಬಾಗಿಲಿಗೆ ಬಿಟ್ಟೆವು, ಬಾಗಿಲು ತೆಗೆಯೋರು ಇರಲಿಲ್ಲ. ಬುಕಿಂಗ್ ಮೇಲೆ ಮಾತ್ರ ಫೀಸು ಇದ್ದರೆ ಆ ವಾರದ ನಮ್ಮ ಅರ್ಧ ಕೆಲಸಕ್ಕೆ ಸೊನ್ನೆ. ಹಾಗಂತ ಕಾಲ್ ಲೆಕ್ಕದಲ್ಲಿ ಫೀಸು ತಗೊಂಡರೆ ಸುಮ್ನೆ ರೇಟು ಕೇಳೋರ ಕಾಲ್ ತುಂಬಿಸೋ ಆಸೆ ಏಜೆನ್ಸಿಗೆ ಬರುತ್ತದೆ. ನನಗೂ ಒಬ್ಬ ಹಳೇ ಕ್ಲೈಂಟ್ ಜೊತೆ ಹೀಗೇ ಆಗಿ, ಯಾವುದು ನಿಜವಾದ ಬುಕಿಂಗ್ ಅಂತ ಎರಡು ತಿಂಗಳು ವಾದ ಮಾಡಿ ಸಂಬಂಧವೇ ಮುರಿಯಿತು. ತಪ್ಪು ಇಬ್ಬರದೂ ಇತ್ತು, ಏನನ್ನು ಎಣಿಸಬೇಕು ಅಂತ ನಾವು ಮೊದಲೇ ಬರೆದುಕೊಂಡಿರಲಿಲ್ಲ.

ಇನ್ನೂ ಒಂದನ್ನು ಬಹಳ ಜನ ಗಮನಿಸಲ್ಲ. ಬುಕಿಂಗ್‌ಗೆ ಇಷ್ಟು ಅಂದಾಗ ಏಜೆನ್ಸಿಗೆ ಬುಕಿಂಗ್ ಬೇಕು, ಜಾಹೀರಾತಿನ ದುಡ್ಡು ಮಾತ್ರ ನಿಮ್ಮದು. ಒಂದು ಬುಕಿಂಗ್‌ಗೆ 5,000 ಸುಟ್ಟರೂ ಅವರ 400 ಅವರಿಗೆ ಬರುತ್ತದೆ. "ಈ ಬುಕಿಂಗ್ ನಿಮಗೆ ದುಬಾರಿ" ಅನ್ನೋ ಮಾತು ಇಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದರೆ ಪರ್ಸೆಂಟಿನ ರೋಗ ಇಲ್ಲೂ ಇದೆ, ಬೇರೆ ವೇಷದಲ್ಲಿ. ಹಾಗಾಗಿ ಖರ್ಚಿಗೆ ಒಂದು ಮಿತಿ ಇಡದೆ ಈ ಒಪ್ಪಂದಕ್ಕೆ ಸಹಿ ಹಾಕಲೇಬೇಡಿ.

ನಾವು ಕೊನೆಗೆ ಮಾಡಿಕೊಂಡದ್ದು

ತಿಂಗಳಿಗೆ 6,000 ಗಟ್ಟಿ ಫೀಸು. ವರ್ಷದಲ್ಲಿ ರಿಜಿಸ್ಟರ್ ಪ್ರಕಾರ, ಹೆಸರು ಹುಡುಕಿ ಬಂದವರನ್ನು ಬಿಟ್ಟು, 100 ಬುಕಿಂಗ್ ದಾಟಿದ ಮೇಲೆ ಒಂದೊಂದಕ್ಕೆ 300. ಒಂದು ತಿಂಗಳಲ್ಲಿ ಒಂದು ಬುಕಿಂಗ್‌ನ ಸರಾಸರಿ ಜಾಹೀರಾತು ಖರ್ಚು ಜಿಎಸ್‌ಟಿ ಸೇರಿ 2,500 ದಾಟಿದರೆ ಆ ತಿಂಗಳ ಬುಕಿಂಗ್ ಈ 300ರ ಲೆಕ್ಕಕ್ಕೆ ಬರಲ್ಲ. 170 ಬುಕಿಂಗ್ ಆದರೆ 72,000 ಮತ್ತು 21,000, ಒಟ್ಟು 93,000. ಮಾಲೀಕರಿಗೆ ಹಿಂದಿನ 72,000ಕ್ಕಿಂತ ಫೀಸು ಜಾಸ್ತಿಯೇ ಆಯಿತು. ಅವರು ಅದನ್ನು ಕೇಳಿದರು ಕೂಡ. ನಾನು ಮೇ ತಿಂಗಳ ಆ ಕೊನೆಯ 10,000ದ ಲೆಕ್ಕ ತೋರಿಸಿದೆ. ಅಂಥ ಖರ್ಚು ತಪ್ಪಿಸಿದಷ್ಟೂ ಈ ವ್ಯತ್ಯಾಸ ಕಮ್ಮಿಯಾಗುತ್ತದೆ ಅಂದೆ, ಒಪ್ಪಿದರು. ಒಪ್ಪಂದ ಬಿಡೋದಾದರೆ ಇಬ್ಬರಲ್ಲಿ ಯಾರಾದರೂ 30 ದಿನ ಮೊದಲು ಹೇಳಬೇಕು.

ಎಲ್ಲರಿಗೂ ಇದೇ ಸರಿ ಅಂತಲ್ಲ. ತಿಂಗಳಿಗೆ 50,000 ಒಳಗೆ ಖರ್ಚು, ಸೀಸನ್ ವ್ಯಾಪಾರ, ಬುಕಿಂಗ್ ಎಲ್ಲ ಫೋನು ವಾಟ್ಸ್‌ಆಪ್‌ನಲ್ಲೇ ಮುಗಿಯೋದು ಅಂದರೆ ತಿಂಗಳ ಫೀಸನ್ನೇ ಬೆನ್ನೆಲುಬು ಮಾಡಿಕೊಳ್ಳಿ. ತಿಂಗಳಿಗೆ ಹಲವು ಲಕ್ಷ, ವರ್ಷವಿಡೀ ಸಮನಾದ ಖರ್ಚು ಇದ್ದರೆ ಪರ್ಸೆಂಟು ನಡೆಯುತ್ತದೆ. ಆದರೆ ಮೊದಲ 2 ಲಕ್ಷಕ್ಕೆ ಒಂದು ದರ, ಮೇಲಿನದಕ್ಕೆ ಕಮ್ಮಿ ದರ ಅಂತ ಮೆಟ್ಟಿಲು ಹಾಕಿಸಿಕೊಳ್ಳಿ. ಖರ್ಚು ಎರಡರಷ್ಟಾದರೆ ಏಜೆನ್ಸಿಯ ಕೆಲಸ ಎರಡರಷ್ಟು ಆಗಲ್ಲ. ಸಾಗರದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನ್ ಮಾರುವವರ ಹಾಗೆ ಆರ್ಡರು, ದುಡ್ಡು ಎರಡೂ ವೆಬ್‌ಸೈಟಿನಲ್ಲೇ ಆಗುವುದಾದರೆ ಮಾರಾಟದ ಮೇಲಿನ ಫೀಸು ಚೆನ್ನಾಗಿ ಹೊಂದುತ್ತದೆ. ಆಗ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ವಾಪಸ್ ಬಂದದ್ದನ್ನು ಕಳೆದು, ಮನೆ ಮುಟ್ಟಿ ದುಡ್ಡು ಬಂದದ್ದನ್ನು ಮಾತ್ರ ಎಣಿಸಿ.

ಹೋದ ದಸರೆಗೆ ಆ ಮಾಲೀಕರಿಗೆ ಗುರುವಾರವೇ ಫೋನ್ ಮಾಡಿ ರೂಮು ಎಷ್ಟು ಖಾಲಿ ಅಂತ ಕೇಳಿದೆ. ಶನಿವಾರ ಭಾನುವಾರ ಫುಲ್ಲು, ಸೋಮವಾರ ಮಂಗಳವಾರ ನಾಲ್ಕು ಖಾಲಿ ಅಂದರು. ವಾರಾಂತ್ಯದ ಜಾಹೀರಾತು ನಿಲ್ಲಿಸಿ ಸೋಮವಾರದಿಂದ ಬುಧವಾರದವರೆಗಿನ ರಜೆಗೆ ಮಾತ್ರ ಓಡಿಸಿದೆವು. ಈಗ ಪ್ರತಿ ಗುರುವಾರ ನಾನು ಕೇಳುವ ಮೊದಲೇ ಅವರಿಂದ ವಾಟ್ಸ್‌ಆಪ್ ಬಂದಿರುತ್ತದೆ, ದಿನದ ಹೆಸರು, ಎದುರಿಗೆ ಖಾಲಿ ರೂಮಿನ ಸಂಖ್ಯೆ.